ಇಯೊಸಿನೊಫಿಲ್ 32, ಹುಳ ಮಾತ್ರ ಕಾಣಲಿಲ್ಲ

ಶಿರಸಿಯಲ್ಲಿ ಒಂದು ಸಣ್ಣ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿ ಕೆಲಸ ಮಾಡ್ತೇನೆ. ಮಳೆಗಾಲದಲ್ಲಿ ನಮಗೆ ಕೆಲಸ ಜಾಸ್ತಿ. ಜ್ವರ, ಕೆಮ್ಮು, ಮೈ ತುರಿಕೆ ಅಂತ ದಿನವೂ ಜನ ಬರ್ತಾರೆ. ಅಂಥ ಒಂದು ಮಳೆಗಾಲದಲ್ಲಿ ನಾನು ಮಾಡಿದ ಒಂದು ತಪ್ಪಿನ ಕಥೆ ಇದು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಬಾಯಿ ತಪ್ಪಿತ್ತು.

ಜುಲೈ ನಡುವಿಗೆ ಹುಲೇಕಲ್ ಕಡೆಯಿಂದ ಒಬ್ಬ ಬಂದ, ಅಡಿಕೆ ತೋಟದಲ್ಲಿ ಕೆಲಸ ಮಾಡುವವನು, ಮೂವತ್ತೈದರ ಆಸುಪಾಸು. ಮೂರು ವಾರದಿಂದ ಒಣ ಕೆಮ್ಮು, ಹೊಟ್ಟೆ ಒಂಥರಾ ಅಂದ. ಡಾಕ್ಟರ್ ರಕ್ತ ಮತ್ತು ಮಲ ಎರಡೂ ಬರೆದಿದ್ದರು. ಒಟ್ಟು ಬಿಳಿ ಕಣ 9,800, ಅದರಲ್ಲಿ ಇಯೊಸಿನೊಫಿಲ್ ಅನ್ನೋ ಬಗೆಯ ಕಣ 32 ಪರ್ಸೆಂಟ್. ಗುಣಿಸಿದರೆ 9,800 × 32 ÷ 100 = 3,136. ಇದನ್ನೇ ಎಇಸಿ ಅನ್ನೋದು, ಮೈಕ್ರೋಲೀಟರ್ ರಕ್ತದಲ್ಲಿ ನಿಜವಾಗಿ ಎಷ್ಟು ಇಯೊಸಿನೊಫಿಲ್ ಇವೆ ಅಂತ. 500ರೊಳಗಿದ್ದರೆ ಸಾಮಾನ್ಯ. ಪರ್ಸೆಂಟ್ ಒಂದನ್ನೇ ನೋಡಿದರೆ ಮೋಸ ಹೋಗ್ತೀರಿ. ಬಿಳಿ ಕಣ 4,000 ಇರುವವರಿಗೆ 8 ಪರ್ಸೆಂಟ್ ಬಂದರೆ ರಿಪೋರ್ಟಲ್ಲಿ ಹೆಚ್ಚು ಅನ್ನೋ ಗುರುತು ಬೀಳಬಹುದು, ಆದರೆ ಎಣಿಸಿದರೆ ಬರೀ 320.

ಸ್ಲೈಡ್ ನೋಡಿದಾಗ ಮಷಿನ್ ಸುಳ್ಳು ಹೇಳಿರಲಿಲ್ಲ. ಲೀಶ್ಮನ್ ಬಣ್ಣ ಹಾಕಿದ ಸ್ಲೈಡಲ್ಲಿ ಇಯೊಸಿನೊಫಿಲ್ ಗುರುತಿಸೋದು ಸುಲಭ. ಎರಡು ಹಾಲೆಯ ನ್ಯೂಕ್ಲಿಯಸ್, ಸುತ್ತ ಒತ್ತೊತ್ತಾಗಿ ತುಂಬಿದ ಕಿತ್ತಳೆ ಕೆಂಪು ಕಾಳುಗಳು. ಇಯೋಸಿನ್ ಅನ್ನೋ ಬಣ್ಣ ಹಿಡಿಯೋದರಿಂದಲೇ ಆ ಹೆಸರು, ಪಾಲ್ ಎರ್ಲಿಕ್ 1879ರಲ್ಲಿ ಬಣ್ಣ ಹಾಕಿ ಇವುಗಳನ್ನ ಬೇರೆ ಮಾಡಿ ತೋರಿಸಿದ್ದು. ಅವತ್ತು ಒಂದೊಂದು ಫೀಲ್ಡಲ್ಲೂ ಎರಡು ಮೂರು ಸಿಗ್ತಿದ್ದವು. ಬೇಸೊಫಿಲ್ ಅನ್ನೋ ಇನ್ನೊಂದು ಬಗೆಯ ಬಿಳಿ ಕಣ ಮಾತ್ರ ನೂರು ಕಣ ಎಣಿಸಿ ಮುಗಿಸುವಷ್ಟರಲ್ಲಿ ಒಂದೂ ಸಿಗಲಿಲ್ಲ. ಅದು ಸಾಮಾನ್ಯವಾಗಿ ಒಂದು ಪರ್ಸೆಂಟ್ ಒಳಗೇ ಇರುವ ಕಣ. ಸಿಕ್ಕರೂ ಕಡು ನೀಲಿ ಕಾಳುಗಳು ನ್ಯೂಕ್ಲಿಯಸ್ಸನ್ನೇ ಮುಚ್ಚಿಬಿಟ್ಟಿರುತ್ತವೆ, ಶಾಯಿ ಚೆಲ್ಲಿದ ಹಾಗೆ.

ಮಲವನ್ನ ಸಲೈನ್‌ನಲ್ಲೂ ಅಯೋಡಿನ್‌ನಲ್ಲೂ ನೋಡಿದೆ. ಮೊಟ್ಟೆ ಇಲ್ಲ, ಏನೂ ಇಲ್ಲ. ಬರೆದುಕೊಟ್ಟೆ. ಅಷ್ಟಕ್ಕೇ ಸುಮ್ನೆ ಇರಬೇಕಿತ್ತು.

"ಮೇಡಂ, ಹುಳ ಇಲ್ಲ ಅಂದ್ರೆ ಈ ಕೆಮ್ಮು ಎಂತದು?" ಅಂತ ಕೇಳಿದ.

"ಅಲರ್ಜಿ ಇರಬೇಕು, ಈ ಕೌಂಟ್ ಅಲರ್ಜಿಗೂ ಏರುತ್ತೆ" ಅಂದೆ.

ಅವನು ಡಾಕ್ಟರ್ ಹತ್ರ ವಾಪಸ್ ಹೋಗದೆ ಅಂಗಡಿಯಿಂದ ಸೆಟ್ರಿಜಿನ್ ತಗೊಂಡು ಹೋದ. ಅಲರ್ಜಿ ಅಂತ ನಾನೇ ಹೇಳಿಬಿಟ್ಟಿದ್ದೆನಲ್ಲ, ಮತ್ತೆ ಡಾಕ್ಟರ್ ಯಾಕೆ!

ಆಗಸ್ಟ್ ಕೊನೆಯಲ್ಲಿ ಮತ್ತೆ ಬಂದ. ಕೆಮ್ಮು ಹೋಗಿತ್ತು, ಹೊಟ್ಟೆನೋವು ಶುರುವಾಗಿತ್ತು, ಸುಸ್ತು. ಈ ಸಲ ಮಲದಲ್ಲಿ ಮೊಟ್ಟೆ ಕಂಡಿತು. ತೆಳು ಸಿಪ್ಪೆಯ, ಬಣ್ಣವೇ ಇಲ್ಲದ ಅಂಡಾಕಾರ, ಒಳಗೆ ನಾಲ್ಕೆಂಟು ಕೋಶಗಳ ಮುದ್ದೆ, ಮುದ್ದೆಗೂ ಸಿಪ್ಪೆಗೂ ನಡುವೆ ಖಾಲಿ ಜಾಗ. ಕೊಕ್ಕೆಹುಳ.

ಹಾಗಾದರೆ ಜುಲೈಯಲ್ಲಿ ಯಾಕೆ ಕಾಣಲಿಲ್ಲ? ಆಗ ಮಾತಾಡಿಸಿದ್ದರೆ ಗೊತ್ತಾಗುತ್ತಿತ್ತು. ಜೂನ್ ಎರಡನೇ ವಾರದಿಂದ ಅವನು ತೋಟದಲ್ಲಿ ಬಸಿಗಾಲುವೆ ತೆಗೀತಿದ್ದ, ಬರಿಗಾಲಲ್ಲಿ. ಮೊದಲ ವಾರವೇ ಕಾಲ್ಬೆರಳ ಸಂದಿಯಲ್ಲಿ ತುರಿಕೆ ಎದ್ದಿತ್ತಂತೆ, ಕೆಸರಿಗೆ ಅಂತ ಬಿಟ್ಟಿದ್ದ. ನಮ್ಮ ತೋಟದ ನೆಲ ನೋಡಿ, ಸೊಪ್ಪು ಹಾಸಿರುತ್ತೆ, ನೆರಳು, ತೇವ, ಬಿಸಿಲು ಬೀಳೋದೇ ಇಲ್ಲ. ಯಾರಾದರೂ ಹತ್ತಿರದಲ್ಲಿ ಬಯಲಿಗೆ ಹೋಗಿದ್ದರೆ ಕೊಕ್ಕೆಹುಳದ ಮರಿಗೆ ಇದಕ್ಕಿಂತ ಒಳ್ಳೆ ಜಾಗ ಬೇಡ. ಮರಿ ಚರ್ಮ ತೂರಿ ರಕ್ತಕ್ಕೆ ಬಂದು, ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ನುಂಗಿದಾಗ ಕರುಳು ಸೇರುತ್ತೆ. ಅಲ್ಲಿ ದೊಡ್ಡದಾಗಿ ಮೊಟ್ಟೆ ಇಡುವಷ್ಟರಲ್ಲಿ ಐದರಿಂದ ಒಂಬತ್ತು ವಾರ ಹಿಡಿಯಬಹುದು. ಜುಲೈ ನಡುವೆ ಅಂದರೆ ಹೆಚ್ಚುಕಡಿಮೆ ಐದನೇ ವಾರ. ಹುಳ ಇತ್ತು, ಮೊಟ್ಟೆ ಇರಲಿಲ್ಲ. ನಾನು ಹುಡುಕಿದ್ದು ಮೊಟ್ಟೆಯನ್ನ.

ಇಯೊಸಿನೊಫಿಲ್ ಏರೋದಕ್ಕೆ ಮೊಟ್ಟೆ ಬೇಕಾಗಿಲ್ಲ. ಮರಿಗಳು ಚರ್ಮ, ಶ್ವಾಸಕೋಶ, ಕರುಳಿನ ಗೋಡೆ ಗಾಯ ಮಾಡುತ್ತಾ ಸಾಗುವಾಗ ಅಲ್ಲಿನ ಕೋಶಗಳು ಅಪಾಯದ ಸುದ್ದಿ ಕಳಿಸುತ್ತವೆ. ಅದಕ್ಕೆ ಎಚ್ಚೆತ್ತ ಟಿ ಕೋಶಗಳು ಇಂಟರ್‌ಲ್ಯೂಕಿನ್ 5 ಅನ್ನೋ ಪ್ರೋಟೀನ್ ಬಿಡುತ್ತವೆ, ಅದು ಮೂಳೆ ಮಜ್ಜೆಗೆ ಹೋಗಿ ಇಯೊಸಿನೊಫಿಲ್ ಜಾಸ್ತಿ ಹುಟ್ಟಿಸುತ್ತೆ. ಬ್ಯಾಕ್ಟೀರಿಯಾದ ಹಾಗೆ ಹುಳವನ್ನ ನುಂಗೋಕೆ ಆಗಲ್ಲ, ದೊಡ್ಡದು. ಅದಕ್ಕೆ ಇವು ಹೋಗಿ ಅಂಟಿಕೊಂಡು ತಮ್ಮ ಕಾಳಿನೊಳಗಿನ ವಿಷದ ಪ್ರೋಟೀನ್ ಅದರ ಮೈಮೇಲೆ ಸುರಿಯುತ್ತವೆ. ಅದೇ ಪ್ರೋಟೀನ್ ನಮ್ಮ ಶ್ವಾಸಕೋಶಕ್ಕೂ ಬಿದ್ದಾಗ ಗಾಯ ಮಾಡುತ್ತೆ. ಅಂಗಾಂಶದೊಳಗೆ ಹುಳ ನುಗ್ಗಬೇಕು ಅನ್ನೋದು ಇಲ್ಲಿ ಮುಖ್ಯ. ಕರುಳಿನ ಒಳಗೆ ಸುಮ್ನೆ ಕೂತ ದೊಡ್ಡ ದುಂಡುಹುಳಕ್ಕೆ ಕೌಂಟ್ ಅಷ್ಟು ಏರದೇ ಇರಬಹುದು, ಅಮೀಬಾ, ಜಿಯಾರ್ಡಿಯಾ, ಮಲೇರಿಯಾದಂಥ ಒಂದೇ ಕೋಶದ ಪರಾವಲಂಬಿಗಳಿಗೆ ಸಾಮಾನ್ಯವಾಗಿ ಏರೋದಿಲ್ಲ.

ಅಲರ್ಜಿಯಲ್ಲೂ ಇದೇ ಇಂಟರ್‌ಲ್ಯೂಕಿನ್ 5, ಇದೇ ದಾರಿ. ಅದಕ್ಕೇ ಗೊಂದಲ. ಬೇಸೊಫಿಲ್ ಮೈಮೇಲೆ ಐಜಿಇ ಅನ್ನೋ ಆಂಟಿಬಾಡಿ ಕೂತಿರುತ್ತೆ. ಧೂಳೋ ಪರಾಗವೋ ಅದಕ್ಕೆ ತಾಗಿದರೆ ಕ್ಷಣದಲ್ಲಿ ಹಿಸ್ಟಮಿನ್ ಹೊರಗೆ ಬರುತ್ತೆ. ಸೆಟ್ರಿಜಿನ್ ತಡೆಯೋದು ಈ ಹಿಸ್ಟಮಿನ್ನಿನ ಕೆಲಸವನ್ನ, ಹುಳವನ್ನಲ್ಲ. ಬೇಸೊಫಿಲ್ ಎಣಿಕೆ ನೋಡಿ ಅಲರ್ಜಿ ಹೌದೋ ಅಲ್ಲವೋ ಅಂತ ಹೇಳೋಕೆ ಆಗಲ್ಲ. ಅದು ಜಾಸ್ತಿ ಏರಿ ಹಾಗೇ ಉಳಿದರೆ ರಕ್ತದ ಕ್ಯಾನ್ಸರ್‌ನ ಅನುಮಾನ ಮೊದಲು ಬರಬೇಕು. ಇನ್ನು ಮೂಗು ಸೋರುವ ಅಲರ್ಜಿ, ಮಾಮೂಲಿ ಅಸ್ತಮಾಕ್ಕೆ ಎಇಸಿ ಬಹುತೇಕ 1,500 ದಾಟಲ್ಲ. 3,000 ಮೀರಿದ ಸ್ಲೈಡ್ ಎದುರಿಗಿಟ್ಟುಕೊಂಡು ನಾನು ಅಲರ್ಜಿ ಅಂದಿದ್ದೆ ನೋಡಿ. ಕರಾವಳಿ ಕಡೆಯವರಿಗಾದರೆ ಆನೆಕಾಲು ತರುವ ಫೈಲೇರಿಯಾ ಹುಳದಿಂದ ಬರುವ ರಾತ್ರಿ ಕೆಮ್ಮನ್ನೂ ನೆನೆಯಬೇಕಿತ್ತು. ಅದರಲ್ಲೂ ಕೌಂಟ್ 3,000 ದಾಟುತ್ತೆ, ರಕ್ತದಲ್ಲಿ ಮರಿಹುಳ ಮಾತ್ರ ಸಿಗೋದಿಲ್ಲ.

ಡಾಕ್ಟರ್ ಅಲ್ಬೆಂಡಜೋಲ್ ಕೊಟ್ಟರು. ಎರಡು ವಾರದ ಮೇಲೆ ಅವನೇ ಬಂದು ಇನ್ನೊಮ್ಮೆ ಕೌಂಟ್ ನೋಡಿ ಅಂದ. ಅಷ್ಟು ಬೇಗ ಇಳಿಯಲ್ಲ, ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತೆ, ಸುಮ್ನೆ ದುಡ್ಡು ದಂಡ ಅಂತ ಹೇಳಿ ಡಾಕ್ಟರ್ ಹತ್ರ ಕೇಳಿ ಬರೋಕೆ ಕಳಿಸಿದೆ. ಈ ಸಲ ಬಾಯಿ ಹಿಡಿದುಕೊಂಡೆ.

ಈಗ ಎಇಸಿ 1,500 ದಾಟಿದ ಸ್ಯಾಂಪಲ್ ಬಂದರೆ ರಿಜಿಸ್ಟರಲ್ಲಿ ಮೂರು ವಿಷಯ ಬರೆದುಕೊಳ್ತೇನೆ. ಕೆಸರಲ್ಲಿ ಬರಿಗಾಲಿಟ್ಟಿದ್ದು ಯಾವತ್ತಿನಿಂದ, ಸ್ಟಿರಾಯ್ಡ್ ಮಾತ್ರೆ ನುಂಗ್ತಿದ್ದಾರಾ, ಮಲ ಎಷ್ಟು ಗಂಟೆ ಹಳೆಯದು. ಸ್ಟಿರಾಯ್ಡ್ ನುಂಗಿದವರಿಗೆ ಇಯೊಸಿನೊಫಿಲ್ ಬೀಳುತ್ತೆ, ಹುಳ ಇದ್ದರೂ ಕೌಂಟ್ ಚೆಂದ ಕಾಣುತ್ತೆ. ಸ್ಟ್ರಾಂಗಿಲಾಯ್ಡಿಸ್ ಅನ್ನೋ ಇನ್ನೊಂದು ಹುಳ ಒಳಗಿದ್ದರೆ ಅದೇ ಸ್ಟಿರಾಯ್ಡ್ ಪ್ರಾಣಕ್ಕೇ ಕುತ್ತು ತರಬಹುದು, ಹುಳ ಮೈಯೆಲ್ಲಾ ಹರಡುತ್ತೆ. ಮಲ ಹಿಂದಿನ ದಿನದ್ದಾದರೆ ಕೊಕ್ಕೆಹುಳದ ಮೊಟ್ಟೆ ಡಬ್ಬಿಯಲ್ಲೇ ಒಡೆದು ಮರಿ ಹೊರಬಂದಿರಬಹುದು, ಅದನ್ನ ನೋಡಿ ಸ್ಟ್ರಾಂಗಿಲಾಯ್ಡಿಸ್ ಅಂತ ಬರೆದುಬಿಡೋದು ಬಹಳ ಸುಲಭ. ಮೊದಲ ಸಲ ಏನೂ ಕಾಣದಿದ್ದರೆ ಮೂರು ಬೇರೆ ಬೇರೆ ದಿನದ ಮಲ ತರೋಕೆ ಹೇಳಿ ಅಂತ ಡಾಕ್ಟರ್‌ಗೆ ಫೋನ್ ಮಾಡ್ತೇನೆ. ಎಲ್ಲರೂ ತರಲ್ಲ. ಹುಲೇಕಲ್‌ನಿಂದ ಬಸ್ ಹತ್ತಿ ಬೆಳಿಗ್ಗೆ ಎಂಟಕ್ಕೆ ಡಬ್ಬಿ ಹಿಡಿದು ಬರೋದು ಅಂದರೆ ಅರ್ಧ ದಿನದ ಕೂಲಿ ಹೋದ ಹಾಗೆ.