ಒಂದೇ ಆರ್‌ಟಿಜಿಎಸ್‌ನಲ್ಲಿ ಹೋದ ಒಂಬತ್ತು ಲಕ್ಷದ ಅರವತ್ತು ಸಾವಿರ

ನಮ್ಮ ಮಾಲೀಕರಿಗೆ ಒಂದು ಅಭ್ಯಾಸ. ದುಡ್ಡು ಕಳಿಸೋದು ಅವರೇ, ಯಾಕೆ ಕಳಿಸಿದ್ದು ಅಂತ ಹೇಳೋದು ಮಾತ್ರ ನಾವು ಕೇಳಿದಾಗ. 2024ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಮ್ಮ ರೆಡಿಮೇಡ್ ಬಟ್ಟೆಯ ಹೊಸ ಬ್ರಾಂಚ್‌ಗೆ ಮಳಿಗೆ ಹಿಡಿದಾಗಲೂ ಹಾಗೇ ಆಯ್ತು. ಬಿಲ್ಡಿಂಗ್ ಓನರ್ ಖಾತೆಗೆ ₹9,60,000 ಒಂದೇ ಸಲ ಹೋಯ್ತು. ನರೇಷನ್‌ನಲ್ಲಿ ಇದ್ದದ್ದು ‘ಶಾಪ್ ಅಡ್ವಾನ್ಸ್’, ಅಷ್ಟೇ.

ನಮ್ಮ ಜೂನಿಯರ್ ಹುಡುಗ ಅದನ್ನು ನೋಡಿ ಪೂರ್ತಿ ಮೊತ್ತವನ್ನು ಟ್ಯಾಲಿಯಲ್ಲಿ `Deposits (Asset)` ಕೆಳಗೆ ಒಂದು ಲೆಡ್ಜರ್ ತೆರೆದು ಹಾಕಿದ. ಅವನನ್ನು ಬೈಯೋಕೂ ಆಗಲ್ಲ. ಬ್ಯಾಂಕ್ ರೀಕನ್ಸಿಲಿಯೇಷನ್ ಪೈಸೆಗೆ ಪೈಸೆ ಸರಿ ಇತ್ತು. ನಾನೂ ಪ್ರತಿ ತಿಂಗಳು ಆ ಲೆಡ್ಜರ್ ನೋಡಿ ಮುಂದೆ ಹೋಗುತ್ತಿದ್ದೆ. ಬ್ಯಾಂಕ್ ಟ್ಯಾಲಿ ಆದರೆ ದುಡ್ಡು ಹೋಗಿರೋದು ನಿಜ ಅಂತ ಮಾತ್ರ ಗೊತ್ತಾಗುತ್ತೆ. ಅದು ಯಾವ ಬಾಬ್ತಿಗೆ ಹೋಯ್ತು ಅನ್ನೋದು ಬ್ಯಾಂಕಿಗೆ ಬೇಕಾಗಿಲ್ಲ.

ಏಪ್ರಿಲ್‌ನಲ್ಲಿ ಆಡಿಟರ್ ಬಂದರು. ಬ್ರಾಂಚ್‌ವಾರು ಪಿ ಅಂಡ್ ಎಲ್ ತೆಗೆಸಿದರು. ಹೊಸ ಬ್ರಾಂಚಿನ ಕಾಲಂನಲ್ಲಿ ಪೆನ್ನು ಇಟ್ಟು, “ಕರೆಂಟ್ ಬಿಲ್ ಇದೆ, ಹುಡುಗರ ಸಂಬಳ ಇದೆ, ಟೀ ಖರ್ಚೂ ಇದೆ. ಬಾಡಿಗೆ ಎಲ್ರೀ? ಮೂರು ತಿಂಗಳು ಪುಕ್ಕಟೆ ಕೊಟ್ಟಿದ್ದಾರಾ?” ಅಂತ ಕೇಳಿದರು. ನಾನು ಅಗ್ರಿಮೆಂಟ್ ಹುಡುಕೋಕೆ ಎದ್ದೆ. ಅದು ಮಾಲೀಕರ ಮನೆಯ ಬೀರುವಿನಲ್ಲಿತ್ತು. ಅದು ವಾಟ್ಸಾಪ್‌ನಲ್ಲಿ ಬರೋವರೆಗೂ ಆಡಿಟರ್ ಟೇಬಲ್ ಮೇಲೆ ಬೆರಳು ಕುಟ್ಟುತ್ತಾ ಕೂತಿದ್ದರು. ನಾನು ಸುಮ್ನೆ ಕೀಬೋರ್ಡ್ ಒರೆಸುತ್ತಿದ್ದೆ.

ಅಗ್ರಿಮೆಂಟ್ ನೋಡಿದರೆ ವಿಷಯ ಸ್ಪಷ್ಟ. ಬಾಡಿಗೆ ತಿಂಗಳಿಗೆ ₹60,000. ಹತ್ತು ತಿಂಗಳ ಬಾಡಿಗೆಯಷ್ಟು ಡೆಪಾಸಿಟ್, ಅಂದರೆ ₹6,00,000. ಬಡ್ಡಿ ಇಲ್ಲ, ಖಾಲಿ ಮಾಡುವಾಗ ವಾಪಸ್. ಜೊತೆಗೆ ಜನವರಿಯಿಂದ ಜೂನ್‌ವರೆಗಿನ ಆರು ತಿಂಗಳ ಬಾಡಿಗೆ ₹3,60,000 ಮುಂಗಡ. ಓನರ್‌ಗೆ ಮನೆಯಲ್ಲಿ ಮದುವೆ ಖರ್ಚಿತ್ತಂತೆ, ನಮ್ಮವರು ಒಪ್ಪಿಕೊಂಡಿದ್ದರು.

ಎರಡೂ ಹೋಗಿದ್ದು ಒಂದೇ ಖಾತೆಗೆ, ಒಂದೇ ದಿನ. ಆದರೆ ಲೆಕ್ಕದಲ್ಲಿ ಎರಡರ ದಾರಿ ಬೇರೆ. ಡೆಪಾಸಿಟ್ ನಮ್ಮದೇ ದುಡ್ಡು, ಓನರ್ ಹತ್ತಿರ ಇಟ್ಟಿದ್ದೇವೆ. ನಾವು ಮಳಿಗೆಯಲ್ಲಿ ಇರೋವರೆಗೂ ಅದು ಬ್ಯಾಲೆನ್ಸ್ ಶೀಟಿನಲ್ಲಿ ಅಲುಗಾಡದೆ ಕೂರಬೇಕು. ಮುಂಗಡ ಬಾಡಿಗೆ ಹಾಗಲ್ಲ. ಅದು ವಾಪಸ್ ಬರೋದೇ ಇಲ್ಲ, ತಿಂಗಳು ತಿಂಗಳು ಕರಗುತ್ತೆ. ಕೊಟ್ಟ ದಿನ `Prepaid Rent` ಅಂತ ಆಸ್ತಿ ಕಡೆ ಇಟ್ಟು, ಪ್ರತಿ ತಿಂಗಳ ಕೊನೆಗೆ ಒಂದು ಜರ್ನಲ್ ಹಾಕಬೇಕು. ಬಾಡಿಗೆ ಡೆಬಿಟ್ 60,000, ಪ್ರೀಪೇಯ್ಡ್ ಕ್ರೆಡಿಟ್ 60,000. ಮಾರ್ಚ್ 31ಕ್ಕೆ ಮೂರು ತಿಂಗಳದು ₹1,80,000 ಖರ್ಚಿಗೆ ಹೋಗಿ, ಉಳಿದ ₹1,80,000 ಮುಂದಿನ ವರ್ಷಕ್ಕೆ ದಾಟಬೇಕಿತ್ತು. ನಮ್ಮಲ್ಲಿ ಒಂದು ಪೈಸೆಯೂ ಖರ್ಚಿಗೆ ಬಂದಿರಲಿಲ್ಲ. ಆ ಬ್ರಾಂಚ್ ಚೆನ್ನಾಗಿ ಓಡ್ತಿದೆ ಅಂತ ಮಾಲೀಕರು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ ಲಾಭದಲ್ಲಿ ಒಂದು ಲಕ್ಷದ ಎಂಬತ್ತು ಸಾವಿರ ಬರೀ ಬಾಡಿಗೆ ದುಡ್ಡು.

ಇದು ಜರ್ನಲ್ ಹಾಕಿದರೆ ಸರಿಹೋಗುವ ವಿಷಯ. ನಿಜವಾದ ತಲೆನೋವು ಟಿಡಿಎಸ್, ಅಂದರೆ ಕೊಡುವ ದುಡ್ಡಿನಲ್ಲೇ ಅವರ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟೋದು. ನಮ್ಮದು ಪಾರ್ಟ್ನರ್‌ಶಿಪ್ ಫರ್ಮ್, ಹಾಗಾಗಿ ಕಟ್ಟಡದ ಬಾಡಿಗೆಗೆ ಆಗಿನ ಆದಾಯ ತೆರಿಗೆ ಕಾಯ್ದೆಯ 194-I ಪ್ರಕಾರ ಶೇ. 10 ಹಿಡಿಯಬೇಕಿತ್ತು. ಆಗ ಮಿತಿ ವರ್ಷಕ್ಕೆ ₹2,40,000 ಇತ್ತು. 2025ರ ಏಪ್ರಿಲ್‌ನಿಂದ ಅದನ್ನು ತಿಂಗಳಿಗೆ ₹50,000 ಅಂತ ಬದಲಾಯಿಸಿದರು. ವಾಪಸ್ ಬರುವ ಡೆಪಾಸಿಟ್‌ಗೆ ಟಿಡಿಎಸ್ ಇಲ್ಲ, ಇದನ್ನು ನೇರ ತೆರಿಗೆ ಮಂಡಳಿ ಸಿಬಿಡಿಟಿ 1995ರ ಸುತ್ತೋಲೆಯಲ್ಲೇ ಹೇಳಿದೆ. ವಾಪಸ್ ಬರದ ಡೆಪಾಸಿಟ್ ಆದರೆ ಅದನ್ನೂ ಬಾಡಿಗೆ ಅಂತಲೇ ನೋಡುತ್ತಾರೆ. ಮುಂಗಡ ಬಾಡಿಗೆಗೆ ದುಡ್ಡು ಕೊಡುವ ದಿನವೇ, ಪೂರ್ತಿ ಮೊತ್ತದ ಮೇಲೆ ಹಿಡಿಯಬೇಕು. ತಿಂಗಳು ತಿಂಗಳು ಖರ್ಚು ಬರೆದಾಗ ಹಿಡಿದರಾಯ್ತು ಅನ್ನೋ ಹಾಗಿಲ್ಲ. ಅಂದರೆ ಜನವರಿಯಲ್ಲೇ ₹36,000 ಹಿಡಿದು ಫೆಬ್ರವರಿ 7ರೊಳಗೆ ಕಟ್ಟಬೇಕಿತ್ತು. ಓನರ್ ಪೂರ್ತಿ ದುಡ್ಡು ಇಸ್ಕೊಂಡು ಮದುವೆ ಮುಗಿಸಿ ಆಗಿತ್ತು.

ಕೊನೆಗೆ ಏಪ್ರಿಲ್‌ನಲ್ಲಿ ನಮ್ಮ ಕೈಯಿಂದಲೇ ₹36,000 ಕಟ್ಟಿದೆವು. ಬಡ್ಡಿ ತಿಂಗಳಿಗೆ ಶೇ. 1, ತಿಂಗಳ ಒಂದು ದಿನ ಆದರೂ ಪೂರ್ತಿ ತಿಂಗಳ ಲೆಕ್ಕ. ಜನವರಿಯಿಂದ ಏಪ್ರಿಲ್‌ಗೆ ನಾಲ್ಕು ತಿಂಗಳು, ₹1,440. ಪುಣ್ಯಕ್ಕೆ ನಾಲ್ಕನೇ ಕ್ವಾರ್ಟರ್‌ನ ಟಿಡಿಎಸ್ ರಿಟರ್ನ್ 26ಕ್ಯೂ ಫೈಲ್ ಮಾಡೋಕೆ ಮೇ 31ರವರೆಗೂ ಟೈಮ್ ಇತ್ತು, ಅದರಲ್ಲೇ ಸೇರಿಸಿದೆವು. ಜುಲೈ ಬಾಡಿಗೆಯಲ್ಲಿ ಆ ಮೂವತ್ತಾರು ಸಾವಿರ ಮುರಿದುಕೊಂಡೆವು. ಓನರ್ ಒಂದು ವಾರ ನನ್ನ ಫೋನ್ ಎತ್ತಲಿಲ್ಲ. ಐಟಿ ರಿಟರ್ನ್ ಡ್ಯೂ ಡೇಟ್ ಒಳಗೂ ಕಟ್ಟದೇ ಇದ್ದಿದ್ದರೆ ಖರ್ಚು ಬರೆದ ₹1,80,000ರಲ್ಲಿ ಶೇ. 30, ಅಂದರೆ ₹54,000, ಖರ್ಚೇ ಅಲ್ಲ ಅಂತ ಡಿಪಾರ್ಟ್‌ಮೆಂಟ್ ಪಕ್ಕಕ್ಕಿಡುತ್ತಿತ್ತು.

ಇಷ್ಟಕ್ಕೆ ಮುಗೀತು ಅಂದುಕೊಂಡಿದ್ದೆ. 2025ರ ಶುರುವಿನಲ್ಲಿ ಮಳಿಗೆ ಮುಂದಿನ ರಸ್ತೆ ಅಗೆದರು, ವ್ಯಾಪಾರ ಕೂತುಹೋಯ್ತು. ಮಾರ್ಚ್ ಕೊನೆಗೆ ಖಾಲಿ ಮಾಡೋದು ಅಂತ ಮಾಲೀಕರು ತೀರ್ಮಾನಿಸಿದರು. ಓನರ್‌ಗೆ ಫೋನ್ ಮಾಡಿ, “ಕೊನೇ ಎರಡು ತಿಂಗಳದ್ದು ಅಡ್ವಾನ್ಸ್‌ನಲ್ಲೇ ಹಿಡ್ಕೊಳ್ಳಿ” ಅಂದರು. ನನಗೆ ಹೇಳಿದ್ದು ಯಾವಾಗ? ಫೆಬ್ರವರಿ ಬಾಡಿಗೆಗೆ ನಾನು ಚೆಕ್ ಸಹಿಗೆ ಇಟ್ಟಾಗ.

ಬೆಂಗಳೂರಿನಲ್ಲಿ ಎಲ್ಲರೂ ಮಾಡೋದು ಇದನ್ನೇ, ಕಾರಣವೂ ಇದೆ. ಡೆಪಾಸಿಟ್ ಕೈಗೆ ಬರೋದು ಕಷ್ಟ ಅಂತ ಬಾಡಿಗೆದಾರರಿಗೆ ಗೊತ್ತು, ಹಾಗಾಗಿ ಒಳಗಿದ್ದೇ ಒಂದಷ್ಟು ತಿಂದು ಹೊರಡುತ್ತಾರೆ. ಆದರೆ ಬಾಡಿಗೆಗೆ ಹೊಂದಿಸಿಕೊಂಡ ಕ್ಷಣ ಆ ಭಾಗ ಡೆಪಾಸಿಟ್ ಆಗಿ ಉಳಿಯಲ್ಲ. ಅದು ಬಾಡಿಗೆಯೇ. ಬ್ಯಾಂಕಿನಲ್ಲಿ ಒಂದು ರೂಪಾಯಿ ಓಡಾಡದಿದ್ದರೂ ಟಿಡಿಎಸ್ ಬೀಳುತ್ತೆ. ಜಿಎಸ್‌ಟಿಯಲ್ಲೂ ಅಷ್ಟೇ: ಡೆಪಾಸಿಟ್ ಆಗಿ ಇರೋವರೆಗೆ ತೆರಿಗೆ ಇಲ್ಲ, ಬಾಡಿಗೆಗೆ ಹೊಂದಿಸಿದರೆ ಇದೆ. ನಮ್ಮ ಓನರ್‌ಗೆ ಜಿಎಸ್‌ಟಿ ನಂಬರ್ ಇಲ್ಲ. 2024ರ ಅಕ್ಟೋಬರ್ 10ರಿಂದ ಇಂಥವರ ಕಮರ್ಷಿಯಲ್ ಬಾಡಿಗೆಗೆ ಆರ್‌ಸಿಎಂ ಬಂದಿದೆ, ಅಂದರೆ ಓನರ್ ಬದಲು ಬಾಡಿಗೆದಾರರೇ ಜಿಎಸ್‌ಟಿ ಕಟ್ಟೋದು. ಹಾಗಾಗಿ ತಿಂಗಳಿಗೆ ₹10,800 ನಾವೇ ಕ್ಯಾಶ್ ಲೆಡ್ಜರ್‌ನಿಂದ ಕಟ್ಟಿ, ಆಮೇಲೆ ಇನ್‌ಪುಟ್ ಕ್ರೆಡಿಟ್ ತಗೊಳ್ಳಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಎಂಟ್ರಿ ಹಾಕುವ ಆಫೀಸಿನಲ್ಲಿ ಈ ಎರಡು ತಿಂಗಳು ಕಣ್ಣಿಗೇ ಬೀಳಲ್ಲ. ಎಂಟ್ರಿಯೇ ಇಲ್ಲದ ಬಾಡಿಗೆಯನ್ನು ಯಾರು ಹುಡುಕುತ್ತಾರೆ?

ಈ ಸಲ ನಾನು ಮೊದಲೇ ಬರೆದಿಟ್ಟೆ. ತಿಂಗಳಿಗೆ ಬಾಡಿಗೆ 60,000 ಡೆಬಿಟ್, ಟಿಡಿಎಸ್ 6,000 ಕ್ರೆಡಿಟ್, ಓನರ್ 54,000 ಕ್ರೆಡಿಟ್. ಎರಡು ತಿಂಗಳಿಗೆ ಓನರ್‌ಗೆ ಕೊಡಬೇಕಾದದ್ದು ₹1,08,000, ಅಷ್ಟನ್ನು ಮಾತ್ರ ಡೆಪಾಸಿಟ್‌ನಿಂದ ಕಳೆಯುವುದು. ಬಣ್ಣ ಹೊಡೆಸೋಕೆ ₹25,000 ಅಂತ ಮೊದಲೇ ಮಾತಾಗಿತ್ತು. ಆರು ಲಕ್ಷದಲ್ಲಿ ಇವೆರಡು ಹೋದರೆ ನಮಗೆ ಬರಬೇಕಾದದ್ದು ₹4,67,000.

ಮಾರ್ಚ್ 31ರ ಸಂಜೆ ಖಾಲಿ ಮಳಿಗೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ ಸೆಟ್ಲ್‌ಮೆಂಟ್‌ಗೆ ಕೂತೆವು. ಓನರ್ ಒಂದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ತಂದಿದ್ದರು: 4,55,000.

“ಹನ್ನೆರಡು ಸಾವಿರ ಯಾಕೆ ಜಾಸ್ತಿ ಕೇಳ್ತಿದೀರಿ? ಎರಡು ತಿಂಗಳು ಅಂದ್ರೆ ಒಂದು ಲಕ್ಷ ಇಪ್ಪತ್ತು ಸಾವಿರ ಅಲ್ವಾ?”

ಜಗಳ ಆಗೋದಾದರೆ ಇಲ್ಲೇ ಅಂತ ನಾನು ಎಣಿಸಿದ್ದೆ. ಚಲನ್, ಅವರ ಪ್ಯಾನ್ ನಂಬರ್ ಕಾಣುವ ಟಿಡಿಎಸ್ ಸರ್ಟಿಫಿಕೇಟ್ 16ಎ, ಎಲ್ಲಾ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಅವರ ಮಗನಿಗೆ ಫೋನ್‌ನಲ್ಲಿ ಅಪ್ಪನ ಟ್ಯಾಕ್ಸ್ ಜಮಾ ತೋರಿಸುವ 26ಎಎಸ್ ತೆಗೆಯೋಕೆ ಹೇಳಿದೆ. ಹಿಂದಿನ ಮೂವತ್ತಾರು ಸಾವಿರ ಅಪ್ಪನ ಹೆಸರಿನಲ್ಲೇ ಕಂಡಿತು. “ಇದು ನಮ್ಮ ಜೇಬಿಗೆ ಹೋಗಲ್ಲ ಸರ್, ನಿಮ್ಮ ಟ್ಯಾಕ್ಸ್‌ಗೇ ಜಮಾ” ಅಂದೆ. ಐದು ನಿಮಿಷಕ್ಕೆ ಒಪ್ಪಿಕೊಂಡರು. ನನಗೆ ಒಳಗೊಳಗೇ ಹೆಮ್ಮೆ.

ಆಮೇಲೆ ಅವರು ಆರಾಮಾಗಿ ಎದ್ದು, “ಸರಿ, ನಾಲ್ಕು ಅರವತ್ತೇಳು. ಹೊಸ ಪಾರ್ಟಿ ಬಂದು ಅಡ್ವಾನ್ಸ್ ಕೊಟ್ಟ ತಕ್ಷಣ ಕೊಡ್ತೀನಿ. ಬೀಗದ ಕೈ ಕೊಡಿ” ಅಂದರು.

ಅಗ್ರಿಮೆಂಟ್ ತೆಗೆದೆ. ‘ಖಾಲಿ ಮಾಡುವಾಗ ಹಿಂದಿರುಗಿಸತಕ್ಕದ್ದು’ ಅಂತ ಇತ್ತು. ಎಷ್ಟು ದಿನದಲ್ಲಿ, ತಡವಾದರೆ ಬಡ್ಡಿ ಎಷ್ಟು, ಬೀಗದ ಕೈ ಕೊಡೋದು ಮೊದಲೋ ದುಡ್ಡು ಮೊದಲೋ, ಒಂದೂ ಇರಲಿಲ್ಲ. ಹನ್ನೆರಡು ಸಾವಿರಕ್ಕೆ ಫೈಲ್ ತುಂಬಾ ಕಾಗದ ತಂದಿದ್ದೆ, ನಾಲ್ಕೂ ಮುಕ್ಕಾಲು ಲಕ್ಷದ ಹತ್ತಿರಕ್ಕೆ ಕೈಯಲ್ಲಿ ಒಂದು ಸಾಲೂ ಇಲ್ಲ. ಮಾಲೀಕರಿಗೆ ಫೋನ್ ಮಾಡಿದರೆ ಬ್ಯುಸಿ. ಬೀಗದ ಕೈ ಜೇಬಿನಲ್ಲಿ ಹಿಡಿದುಕೊಂಡು ನಿಂತೆ. ಕೊಡದೇ ಇದ್ದರೆ ಏಪ್ರಿಲ್ ಬಾಡಿಗೆ ಓಡೋಕೆ ಶುರು ಅಂತ ಅವರು ಆಗಲೇ ಹೇಳಿದ್ದರು. ಕೊಟ್ಟರೆ ನಮ್ಮ ಕೈಯಲ್ಲಿ ಏನೂ ಉಳಿಯಲ್ಲ.

ಕತ್ತಲಾಗೋ ಹೊತ್ತಿಗೆ ಮಾಲೀಕರು ಬಂದರು. ಎರಡು ಲಕ್ಷ ಅಲ್ಲೇ ಟ್ರಾನ್ಸ್‌ಫರ್, ಉಳಿದ ₹2,67,000ಕ್ಕೆ ಮೇ ತಿಂಗಳ ಚೆಕ್ ಅಂತ ಮಾತಾಯ್ತು. ನಾನು ಹಠ ಹಿಡಿದು ಒಂದು ಬಿಳಿ ಹಾಳೆಯಲ್ಲಿ ಪೂರ್ತಿ ಲೆಕ್ಕ ಬರೆಸಿ, ಕೈ ಒಪ್ಪಿಸಿದ ದಿನಾಂಕ ಹಾಕಿಸಿ, ಇಬ್ಬರ ಸಹಿ ಮಾಡಿಸಿದೆ. ಚೆಕ್ ನಂಬರ್ ಕೂಡ ಅದರಲ್ಲೇ. ವರ್ಷಾಂತ್ಯದ ಬ್ಯಾಲೆನ್ಸ್ ಶೀಟಿನಲ್ಲಿ ಆ ಮೊತ್ತವನ್ನು ಡೆಪಾಸಿಟ್‌ನಿಂದ ತೆಗೆದು ಓನರ್‌ನಿಂದ ಬರಬೇಕಾದ ಬಾಕಿ ಅಂತ ತೋರಿಸಿದೆವು. ಮಳಿಗೆಯೇ ಇಲ್ಲದ ಮೇಲೆ ಅದು ಯಾವುದರ ಡೆಪಾಸಿಟ್? ಚೆಕ್ ಮೇ ತಿಂಗಳಲ್ಲಿ ಪಾಸಾಯ್ತು. ಎರಡನೇ ಸಲ ಹಾಕಿದಾಗ.

ಈಗ ಹೊಸ ಮಳಿಗೆಗೆ ಡೆಪಾಸಿಟ್ ಒಂದು ಆರ್‌ಟಿಜಿಎಸ್, ಬಾಡಿಗೆ ಟಿಡಿಎಸ್ ಕಳೆದು ಇನ್ನೊಂದು ಟ್ರಾನ್ಸ್‌ಫರ್. ಅಗ್ರಿಮೆಂಟ್‌ನಲ್ಲಿ ‘ಬೀಗದ ಕೈ ಒಪ್ಪಿಸಿದ ದಿನವೇ ಡೆಪಾಸಿಟ್ ವಾಪಸ್, ತಡವಾದರೆ ತಿಂಗಳಿಗೆ ಶೇ. 1 ಬಡ್ಡಿ’ ಅಂತ ಸೇರಿಸಿದ್ದೇವೆ. ಆ ಬಡ್ಡಿ ಸಾಲಿಗೆ ಹೊಸ ಓನರ್‌ಗಿಂತ ಜಾಸ್ತಿ ತಕರಾರು ತೆಗೆದವರು ನಮ್ಮ ಮಾಲೀಕರೇ. “ಸುಮ್ನೆ ಸಂಬಂಧ ಕೆಡಿಸ್ತೀಯಲ್ಲಪ್ಪ” ಅಂದರು.