ಸುಕಿ ದೆಸು ಸಾಕು ಮಾರಾಯ

ಟೋಕಿಯೋದಲ್ಲಿರುವ ತಮ್ಮನಂಥ ಗೆಳೆಯ ಮೆಸೇಜ್ ಹಾಕಿದ್ದ. ಅಲ್ಲಿನ ಹುಡುಗಿಯ ಜೊತೆ ಕಾಫಿ, ಸಿನಿಮಾ ಎಲ್ಲಾ ಆಗಿದೆ. "ಅಕ್ಕಾ, ಐಶಿತೆರು ಅಂದುಬಿಡ್ಲಾ?"

ಬೇಡ್ವೋ, ಅಂದೆ. ನಿಘಂಟಿನಲ್ಲಿ ಅದು ಐ ಲವ್ ಯೂ ನಿಜ. ಆದರೆ ಜಪಾನಿನಲ್ಲಿ ತುಂಬಾ ಭಾರದ ಮಾತು, ಮದುವೆಯಾದ ಎಷ್ಟೋ ಜನ ಕೂಡ ಬಾಯಿಬಿಟ್ಟು ಹೇಳುವುದಿಲ್ಲ. ಶುರುವಿಗೆ ಹೇಳುವುದು "ಸುಕಿ ದೆಸು. ತ್ಸುಕಿಅತ್ತೆ ಕುದಸಾಯ್." ಇಷ್ಟ, ನನ್ನ ಜೊತೆ ಜೋಡಿಯಾಗಿರಿ ಅಂತ. ಹೀಗೆ ಕೇಳುವುದಕ್ಕೆ ಕೊಕುಹಾಕು ಅಂತಾರೆ. ಸಾಮಾನ್ಯವಾಗಿ ಅದಕ್ಕೆ ಹೂಂ ಸಿಕ್ಕ ಮೇಲೇ ಜೋಡಿ ಅಂತ ಲೆಕ್ಕ. ಅಲ್ಲಿವರೆಗೆ ಎಷ್ಟು ಸುತ್ತಾಡಿದರೂ ಏನೂ ಖಾತ್ರಿ ಇಲ್ಲ.

ಎರಡನೇ ವಾಕ್ಯವೇ ಮುಖ್ಯ. ಬರೀ ಸುಕಿ ಅಂದು ಸುಮ್ಮನಾದರೆ ಅವಳು ಥ್ಯಾಂಕ್ಸ್ ಹೇಳಿ ಕಾಫಿ ಮುಗಿಸಬಹುದು. ಪ್ರಶ್ನೆಯನ್ನೇ ಕೇಳಿಲ್ಲ, ಅಲ್ವಾ? ಒಪ್ಪಿದರೆ "ಯೊರೊಶಿಕು ಒನೆಗಾಯ್‌ಶಿಮಸು" ಅನ್ನುತ್ತಾಳೆ, ಇನ್ಮುಂದೆ ಚೆನ್ನಾಗಿ ನೋಡಿಕೊಳ್ಳಿ ಅಂತ. ಹೊಸ ಕೆಲಸಕ್ಕೆ ಸೇರಿದ ದಿನ ಸಹೋದ್ಯೋಗಿಗಳಿಗೆ ಹೇಳುವುದೂ ಇದನ್ನೇ! "ಗೊಮೆನ್ನಸಾಯ್" ಅಂತ ಸಾರಿ ಕೇಳಿದರೆ ಮುಗೀತು, ಜಾಸ್ತಿ ಒತ್ತಾಯ ಬೇಡ.

ಕನ್ನಡದವನಿಗೆ ಇದು ಸುಲಭವೇ ಆಗಬೇಕು. ಸುಕಿ ನಮ್ಮ 'ಇಷ್ಟ'ದ ಹಾಗೇ, ಕ್ರಿಯಾಪದ ಅಲ್ಲ. ನೀನಂದ್ರೆ ನಂಗಿಷ್ಟ ಅಂತೀವಲ್ಲ, ಹಾಗೆ. "ನಿನ್ನನ್ನು ಪ್ರೀತಿಸುತ್ತೇನೆ" ಅಂತ ನಮ್ಮಲ್ಲಿ ಯಾರು ಎದುರಿಗೆ ಹೇಳ್ತಾರೆ? ಡಬ್ಬಿಂಗ್ ಸೀರಿಯಲ್ ಥರ ಕೇಳಿಸುತ್ತೆ. ಭಾರದ ಮಾತಿಗೆ ನಾವು ಇಂಗ್ಲಿಷ್ ಸಾಲ ತರ್ತೀವಿ.

ಹುಡುಗ ಈಗ ಕುದಸಾಯ್ ಉಚ್ಚಾರಣೆ ಪ್ರಾಕ್ಟೀಸ್ ಮಾಡ್ತಿದ್ದಾನೆ.