ಏರದ ಪೊಟ್ಯಾಸಿಯಂ

2021ರ ಜೂನ್‌ನಲ್ಲಿ ನಾನು ಬ್ಲ್ಯಾಕ್ ಫಂಗಸ್ ವಾರ್ಡಿನಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿದ್ದೆ. ಶಿಲೀಂಧ್ರನಾಶಕ ಔಷಧವಾದ ಆಂಫೊಟೆರಿಸಿನ್‌ನ ಲೈಪೊಸೋಮಲ್ ಬಗೆ, ಅಂದರೆ ಕೊಬ್ಬಿನ ಕಣಗಳಲ್ಲಿ ಸುತ್ತಿದ ಬಗೆ, ಎಲ್ಲಿಯೂ ಸಿಗದ ಕಾರಣ, ಸುಮಾರು 60 ಕಿಲೋ ತೂಕದ ಸಕ್ಕರೆ ಕಾಯಿಲೆಯ ರೋಗಿಯೊಬ್ಬರಿಗೆ ಹಳೆಯ ಬಗೆಯ ಆಂಫೊಟೆರಿಸಿನ್ ಬಿ ಅನ್ನೇ ದಿನಕ್ಕೆ 60 ಮಿಲಿಗ್ರಾಂನಂತೆ ಕೊಡಬೇಕಾಯಿತು. ಆರನೆಯ ದಿನ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 0.9ರಿಂದ 1.8ಕ್ಕೆ ಏರಿತ್ತು, ಪೊಟ್ಯಾಸಿಯಂ 2.7ಕ್ಕೆ ಇಳಿದಿತ್ತು. ಎರಡು ದಿನ ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟರೂ ಆ ಅಂಕಿ ಅಲ್ಲಿಂದ ಕದಲಲಿಲ್ಲ.

ಶಿಲೀಂಧ್ರದ ಔಷಧ ನಮ್ಮನ್ನೂ ಏಕೆ ಕಾಡುತ್ತದೆ ಎಂಬುದಕ್ಕೆ ಕಾರಣವಿದೆ. ಬ್ಯಾಕ್ಟೀರಿಯಾದ ಸುತ್ತ ನಮ್ಮ ಜೀವಕೋಶಕ್ಕಿಲ್ಲದ ಗೋಡೆಯಿದೆ. ಪೆನಿಸಿಲಿನ್ ಅದನ್ನೇ ಹೊಡೆಯುವುದರಿಂದ ನಮಗೆ ಅಷ್ಟಾಗಿ ತಟ್ಟುವುದಿಲ್ಲ. ಶಿಲೀಂಧ್ರವಾದರೋ ಜೀವಕೋಶದ ರಚನೆಯಲ್ಲಿ ನಮ್ಮ ದಾಯಾದಿಯೇ ಸರಿ. ಅದರ ಕೋಶಪೊರೆಯಲ್ಲಿ ಎರ್ಗೊಸ್ಟೆರಾಲ್ ಇದೆ, ನಮ್ಮದರಲ್ಲಿ ಕೊಲೆಸ್ಟೆರಾಲ್. ಎರಡಕ್ಕೂ ಇರುವ ವ್ಯತ್ಯಾಸ ಕೆಲವು ದ್ವಿಬಂಧಗಳು ಮತ್ತು ಒಂದು ಮೀಥೈಲ್ ಗುಂಪಿನಷ್ಟೇ. ಆಂಫೊಟೆರಿಸಿನ್ ಎರ್ಗೊಸ್ಟೆರಾಲಿಗೆ ಹೆಚ್ಚು ಬಿಗಿಯಾಗಿ ಅಂಟಿ ಪೊರೆಯನ್ನು ಕೆಡಿಸುತ್ತದೆ, ಆದರೆ ಕೊಲೆಸ್ಟೆರಾಲನ್ನು ಪೂರ್ತಿ ಬಿಡುವುದಿಲ್ಲ. ಮೂತ್ರಪಿಂಡದ ನಳಿಕೆಗಳ ಪೊರೆ ಸೋರತೊಡಗಿ ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡೂ ಮೂತ್ರದಲ್ಲಿ ಹೋಗುತ್ತವೆ. ರಕ್ತನಾಳಗಳೂ ಕುಗ್ಗುವುದರಿಂದ ಕ್ರಿಯಾಟಿನಿನ್ ಏರುತ್ತದೆ.

ನಾನು ಮಾಡಿದ ತಪ್ಪು ಇಲ್ಲಿಯೇ: ಪೊಟ್ಯಾಸಿಯಮ್ಮನ್ನು ದಿನವೂ ನೋಡುತ್ತಿದ್ದವನು ಮೆಗ್ನೀಸಿಯಂ ಪರೀಕ್ಷೆಯನ್ನು ಕೇಳಿರಲೇ ಇಲ್ಲ. ಮೆಗ್ನೀಸಿಯಂ ಕಡಿಮೆಯಾದರೆ ಮೂತ್ರಪಿಂಡವು ಪೊಟ್ಯಾಸಿಯಮ್ಮನ್ನು ಹಿಡಿದಿಟ್ಟುಕೊಳ್ಳಲಾರದು, ಎಷ್ಟು ಸುರಿದರೂ ತೂತು ಬಿದ್ದ ಕೊಡಕ್ಕೆ ಸುರಿದಂತೆಯೇ. ಕೊನೆಗೆ ಆ ಪರೀಕ್ಷೆ ಮಾಡಿಸಿದಾಗ ಮೆಗ್ನೀಸಿಯಂ ಬರೀ 1.1 ಎಂದು ಬಂದಿತು. ಮೆಗ್ನೀಸಿಯಂ ಸಲ್ಫೇಟ್ ಆರಂಭಿಸಿದ ಮೂರನೆಯ ದಿನ ಪೊಟ್ಯಾಸಿಯಂ 3.5 ದಾಟಿತು. ಅಂದಿನಿಂದ ಪ್ರತಿ ಡೋಸಿಗೆ ಮುನ್ನ 500 ಮಿಲಿ ಸಲೈನ್ ಕೊಡಿಸತೊಡಗಿದೆವು, ಇದು ಮೂತ್ರಪಿಂಡವನ್ನು ಸ್ವಲ್ಪ ಕಾಯುತ್ತದೆ. ಆದರೆ ಔಷಧವನ್ನು ಬೆರೆಸಬೇಕಾದದ್ದು 5 ಶೇಕಡಾ ಡೆಕ್ಸ್‌ಟ್ರೋಸಿನಲ್ಲಿ. ಸಲೈನ್ ತಾಗಿದರೆ ಅದು ಗಷ್ಟುಗಟ್ಟುತ್ತದೆ. ಆದ್ದರಿಂದ ನಡುವೆ ಅದೇ ಡ್ರಿಪ್ ಕೊಳವೆಯನ್ನು ಡೆಕ್ಸ್‌ಟ್ರೋಸಿನಿಂದ ತೊಳೆಯಲೇಬೇಕು.

ಮುಂದೆ ಅಜೋಲ್ ಗುಂಪಿನ ಶಿಲೀಂಧ್ರನಾಶಕವಾದ ಪೊಸಕೊನಜೋಲ್ ಮಾತ್ರೆಗೆ ಬದಲಾಯಿಸಿದೆವು. ಅಜೋಲ್‌ಗಳು ಎರ್ಗೊಸ್ಟೆರಾಲಿಗೆ ಅಂಟುವುದಿಲ್ಲ, ಅದರ ತಯಾರಿಕೆಯನ್ನೇ ತಡೆಯುತ್ತವೆ: ಎರ್ಗೊಸ್ಟೆರಾಲ್ ಆಗಬೇಕಾದ ಲ್ಯಾನೊಸ್ಟೆರಾಲಿನಿಂದ ಒಂದು ಮೀಥೈಲ್ ಗುಂಪನ್ನು ತೆಗೆಯುವ ಕಿಣ್ವದೊಳಗಿನ ಕಬ್ಬಿಣಕ್ಕೆ ಅಜೋಲಿನ ನೈಟ್ರೋಜನ್ ಬಂದು ಕೂರುತ್ತದೆ. ಮೂತ್ರಪಿಂಡ ಉಳಿಯಿತು ಎಂದು ಸಮಾಧಾನಪಡುವಂತಿರಲಿಲ್ಲ, ಏಕೆಂದರೆ ಆ ಕಿಣ್ವವು ಸೈಟೊಕ್ರೋಮ್ ಪಿ450 ಕುಟುಂಬದ್ದು, ಅನೇಕ ಔಷಧಗಳನ್ನು ಕರಗಿಸುವ ನಮ್ಮ ಯಕೃತ್ತಿನ ಸಿವೈಪಿ3ಎ4 ಎಂಬ ಕಿಣ್ವ ಕೂಡ ಅದೇ ಮನೆತನದ್ದು. ಪೊಸಕೊನಜೋಲ್ ಅದನ್ನೂ ಬಲವಾಗಿ ತಡೆಯುತ್ತದೆ.

ಈ ಬಾರಿ ಮೊದಲು ಹಳೆಯ ಔಷಧಗಳ ಪಟ್ಟಿಯನ್ನು ತೆರೆದೆ. ಮನೆಯಿಂದ ತಂದ ಚೀಲದಲ್ಲಿ ಕೊಲೆಸ್ಟೆರಾಲ್ ಇಳಿಸುವ ಅಟೊರ್ವಾಸ್ಟಾಟಿನ್ 40 ಮಿಲಿಗ್ರಾಂ ಮಾತ್ರೆ ಇತ್ತು, ಮಗ ಪ್ರತಿ ರಾತ್ರಿ ತಪ್ಪದೆ ಕೊಡುತ್ತಿದ್ದರು. ಅದನ್ನು ಕರಗಿಸುವುದೂ ಸಿವೈಪಿ3ಎ4ಯೇ ಆದ್ದರಿಂದ, ಪೊಸಕೊನಜೋಲ್ ಜೊತೆಗೆ ಅದರ ಮಟ್ಟ ರಕ್ತದಲ್ಲಿ ಏರಿ ಸ್ನಾಯುಗಳು ಕರಗಬಹುದು, ಆ ಸ್ನಾಯುದ್ರವ್ಯ ಸೋಸಬೇಕಾದದ್ದು ಆಗಲೇ ಪೆಟ್ಟು ತಿಂದಿದ್ದ ಮೂತ್ರಪಿಂಡವೇ. ವೈದ್ಯರಿಗೆ ತಿಳಿಸಿ, ಪೊಸಕೊನಜೋಲ್ ಮುಗಿಯುವವರೆಗೆ ಅದನ್ನು ನಿಲ್ಲಿಸಿದೆವು.